ಬರೀ ಹಲೋ, ಜೊತೆಗೊಂದು ಲೇಬಲ್

ಬಿಸ್ಕತ್ ಪೊಟ್ಟಣವನ್ನು ಮಗುಚಿ ಹಿಂಬದಿಯ ಫೋಟೊ ತೆಗೆದು, ಕೆಳಗೆ ‘ಹಲೋ’ ಎಂದಷ್ಟೇ ಬರೆದು ಎಐ ಮಾಡೆಲ್‌ಗೆ ಕಳಿಸಿದರೆ ಏನಾಗಬೇಕು? ಪ್ರಶ್ನೆ ಕೇಳಿಲ್ಲ, ಕೆಲಸ ಹೇಳಿಲ್ಲ. ಫೋಟೊದಲ್ಲಿ ಮಾತ್ರ ಅಕ್ಷರಗಳು ಕಿಕ್ಕಿರಿದಿವೆ: ಪದಾರ್ಥಗಳ ಪಟ್ಟಿ, ಪೋಷಕಾಂಶಗಳ ಕೋಷ್ಟಕ, ತಯಾರಕರ ವಿಳಾಸ, ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಮೂಲೆಯಲ್ಲಿ ಬಾರ್‌ಕೋಡ್.

ಹೀಗೆ ಕಳಿಸುವುದರಲ್ಲಿ ವಿಚಿತ್ರವೇನಿಲ್ಲ. ನಮ್ಮ ಫೋನುಗಳಲ್ಲಿ ಮಾತು ಶುರುವಾಗುವುದೇ ಹಾಗೆ. ಮೊದಲು ಒಂದು ಹಲೋ, ಆ ಕಡೆಯಿಂದ ಯಾರಾದರೂ ಮಾತಾಡಿದ ಮೇಲೆ ವಿಷಯ. ಟೈಪ್ ಮಾಡುವುದು ನಿಧಾನವಾದವರಿಗೆ ಫೋಟೊ ಮೊದಲು ಹೋಗಿಬಿಡುತ್ತದೆ, ಮಾತು ಆಮೇಲೆ ಬರುತ್ತದೆ. ಕಳಿಸಿದವರ ಮನಸ್ಸಿನಲ್ಲಿ ಪ್ರಶ್ನೆ ಇದ್ದೇ ಇದೆ. ಅದು ತೆರೆಯ ಮೇಲೆ ಇನ್ನೂ ಬಂದಿಲ್ಲ, ಅಷ್ಟೆ.

ಆ ಪ್ರಶ್ನೆ ಯಾವುದಿರಬಹುದು ಎಂದು ಎಣಿಸತೊಡಗಿದರೆ ಒಂದೇ ಲೇಬಲ್ ಹಲವು ಲೇಬಲ್ ಆಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ನೋಡಬೇಕಾದದ್ದು ಕೋಷ್ಟಕದಲ್ಲಿ ‘ಸೇರಿಸಿದ ಸಕ್ಕರೆ’ ಎಂಬ ಸಾಲು. ಮಗುವಿಗೆ ಶೇಂಗಾ ಅಲರ್ಜಿ ಇದ್ದರೆ ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ದಪ್ಪಕ್ಷರದಲ್ಲಿರುವ ಎಚ್ಚರಿಕೆ. ಪೊಟ್ಟಣ ಹಳತಾಗಿದೆಯೇ ಎಂಬ ಅನುಮಾನವಿದ್ದರೆ ಇಂಕ್ ಚುಕ್ಕೆಗಳಲ್ಲಿ ಮೂಡಿದ ದಿನಾಂಕ. ವ್ರತದಲ್ಲಿರುವವರಿಗೆ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇದೆಯೇ ಎಂಬುದಷ್ಟೇ ಬೇಕು. ಮನೆಯಲ್ಲೇ ಹಪ್ಪಳ ಮಾಡಿ ಮಾರುವವರು ತಮ್ಮ ಲೇಬಲ್ ಹೇಗೆ ಬರೆಸಬೇಕೆಂದು ನೋಡಲು ಬೇರೊಬ್ಬರ ಲೇಬಲ್ ಕಳಿಸಿರಬಹುದು. ಇನ್ನೊಂದು ಸಾಧ್ಯತೆಯನ್ನು ಕರ್ನಾಟಕದಲ್ಲಿ ಮರೆಯುವಂತಿಲ್ಲ. ಆಹಾರದ ಲೇಬಲ್ ಮೇಲೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ದೇಶದ ಆಹಾರ ಲೇಬಲಿಂಗ್ ನಿಯಮಗಳಿಗೆ ಸಾಕು. ಬೇರೆ ಭಾಷೆಯನ್ನು ಆ ನಿಯಮಗಳು ಕಡ್ಡಾಯ ಮಾಡುವುದಿಲ್ಲ. ಹಾಗಾಗಿ ಕನ್ನಡ ಮಾತ್ರ ಓದಬಲ್ಲ ಗ್ರಾಹಕರಿಗೆ ಎಷ್ಟೋ ಪೊಟ್ಟಣಗಳ ಹಿಂಬದಿ ಮುಚ್ಚಿದ ಬಾಗಿಲು. ಅವರು ಕಳಿಸಿದ ಫೋಟೊದ ಅರ್ಥ, ‘ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಹೇಳಿ’ ಎಂದೂ ಆಗಬಹುದು.

ಇಷ್ಟು ದಾರಿಗಳ ಮುಂದೆ ನಿಂತ ಮಾಡೆಲ್, ಲೇಬಲ್ಲನ್ನು ಅಕ್ಷರ ಬಿಡದೆ ಓದುವ ಮೊದಲು ನಮಸ್ಕಾರ ಹೇಳಿದರೆ ಅದು ಸೋಮಾರಿತನದಂತೆ ಕಾಣಬಹುದು. ಫೋಟೊ ಕೊಟ್ಟಾಗಿದೆ, ಓದಿ ಹೇಳಬಾರದೇ? ಈ ಯಂತ್ರಗಳು ಚಿತ್ರವನ್ನು ಹೇಗೆ ನೋಡುತ್ತವೆ, ಉತ್ತರವನ್ನು ಹೇಗೆ ಬರೆಯುತ್ತವೆ ಎಂದು ಒಮ್ಮೆ ತಿಳಿದುಕೊಂಡರೆ, ಮೊದಲು ನಮಸ್ಕಾರ, ಓದು ಆಮೇಲೆ ಎಂಬ ಕ್ರಮಕ್ಕೆ ಗಟ್ಟಿಯಾದ ಕಾರಣಗಳಿವೆ ಎಂಬುದು ಗೊತ್ತಾಗುತ್ತದೆ.

ಎರಡು ಅಭ್ಯಾಸಗಳ ಜಗ್ಗಾಟ

ಚಿತ್ರ ಮತ್ತು ಮಾತು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಮಾಡೆಲ್‌ಗಳು ಎರಡು ಬೇರೆ ಶಾಲೆಗಳಲ್ಲಿ ಕಲಿತು ಬಂದಿವೆ. ಮೊದಲನೆಯದು ಬರೀ ಪಠ್ಯದ ಶಾಲೆ. ಅಲ್ಲಿ ಹಲೋ ಎಂದವರಿಗೆ ತಿರುಗಿ ನಮಸ್ಕರಿಸಿ, ಏನು ಸಹಾಯ ಬೇಕು ಎಂದು ಕೇಳುವುದು ವಾಡಿಕೆ. ಎರಡನೆಯದು ಚಿತ್ರಗಳ ಶಾಲೆ. ಅಲ್ಲಿ ಚಿತ್ರದ ಜೊತೆಗೆ ಹೆಚ್ಚುಕಡಿಮೆ ಯಾವಾಗಲೂ ಒಂದು ಕೆಲಸ ಇರುತ್ತದೆ.

2023ರಲ್ಲಿ ಬಂದ ‘ಲಾವಾ’ ಎಂಬ ಮುಕ್ತ ಮಾಡೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ತರಬೇತಿಗೆ ಬಳಸಿದ ಸುಮಾರು 1,58,000 ಮಾದರಿಗಳು ಮೂರು ಬಗೆಯವು: ಚಿತ್ರದ ಬಗ್ಗೆ ಪ್ರಶ್ನೋತ್ತರ, ಚಿತ್ರದ ವಿಸ್ತಾರವಾದ ವರ್ಣನೆ, ಚಿತ್ರ ನೋಡಿ ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಗಳು. ಮೂರರಲ್ಲೂ ಮನುಷ್ಯರ ಕಡೆಯಿಂದ ಒಂದು ಬೇಡಿಕೆ ಇದ್ದೇ ಇದೆ. ಬೇಡಿಕೆಯೇ ಇಲ್ಲದ ಚಿತ್ರ ಈ ಮೂರು ಬಗೆಯಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಇದಕ್ಕೆ ಮೊದಲಿನ ಒಂದು ಸಂಗ್ರಹವನ್ನೂ ನೋಡಬಹುದು. ‘ವಿಜ್‌ವಿಜ್’ ಎಂಬ ಆ್ಯಪ್ ಮೂಲಕ ದೃಷ್ಟಿಹೀನರು ಫೋಟೊ ತೆಗೆದು, ಪ್ರಶ್ನೆಯನ್ನು ಬಾಯಲ್ಲೇ ಕೇಳುತ್ತಿದ್ದರು. ಅಂಥ 31,000ಕ್ಕೂ ಹೆಚ್ಚು ಪ್ರಶ್ನೆಗಳನ್ನು ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಡಬ್ಬಿಗಳು, ಆಹಾರದ ಪೊಟ್ಟಣಗಳು ಅದರಲ್ಲಿ ಬೇಕಾದಷ್ಟಿವೆ. ಅಲ್ಲಿ ತೊಂದರೆ ಇದ್ದದ್ದು ಫೋಟೊದಲ್ಲಿ: ಮಸುಕು, ಕತ್ತಲೆ, ಅರ್ಧ ಕತ್ತರಿಸಿದ ಚೌಕಟ್ಟು. ಹಾಗಾಗಿ ‘ಈ ಚಿತ್ರದಿಂದ ಉತ್ತರಿಸಲಾಗದು’ ಎಂಬುದನ್ನೂ ಆ ಸಂಗ್ರಹ ಒಂದು ಸರಿಯುತ್ತರವಾಗಿ ಒಪ್ಪಿಕೊಂಡಿತು. ಏನು ಬೇಕು ಎಂಬುದು ಮಾತ್ರ ಅಲ್ಲಿ ಸ್ಪಷ್ಟವಾಗಿತ್ತು. ನಮ್ಮ ಬಿಸ್ಕತ್ ಪೊಟ್ಟಣದ ಪ್ರಸಂಗ ಇದರ ತಲೆಕೆಳಗು. ಫೋಟೊ ಚೆನ್ನಾಗಿಯೇ ಇರಬಹುದು, ಬೇಕಾದದ್ದು ಏನು ಎಂಬುದೇ ಗೊತ್ತಿಲ್ಲ.

ಹೀಗೆ ಕಲಿತು ಬಂದ ಮಾಡೆಲ್ ಎರಡು ರೀತಿ ಎಡವುತ್ತದೆ. ಪಠ್ಯದ ಅಭ್ಯಾಸ ಮೇಲುಗೈಯಾದರೆ ಫೋಟೊ ಬಂದೇ ಇಲ್ಲವೆಂಬಂತೆ ಬರೀ ನಮಸ್ಕಾರ ಹೇಳಿ ಸುಮ್ಮನಾಗುತ್ತದೆ. ಕಳಿಸಿದವರಿಗೆ ಫೋಟೊ ತಲುಪಿತೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ಅವರು ಮತ್ತೊಮ್ಮೆ ಕಳಿಸುತ್ತಾರೆ. ಚಿತ್ರದ ಅಭ್ಯಾಸ ಮೇಲುಗೈಯಾದರೆ ಹಲೋ ಕಿವಿಗೆ ಬೀಳುವುದೇ ಇಲ್ಲ. ಕೋಷ್ಟಕದ ಎಲ್ಲ ಸಾಲು, ಎಲ್ಲ ಪದಾರ್ಥ, ವಿಳಾಸ, ಕಸ್ಟಮರ್ ಕೇರ್ ನಂಬರ್, ಕೊನೆಗೆ ‘ಮಿತವಾಗಿ ಸೇವಿಸಿ’ ಎಂಬ ಉಪದೇಶ, ಎಲ್ಲವೂ ಸುರಿದುಬೀಳುತ್ತದೆ. ಎರಡನೆಯ ತಪ್ಪಿಗೆ ಒತ್ತಾಸೆಯೂ ಇದೆ. ತರಬೇತಿಯ ಒಂದು ಹಂತದಲ್ಲಿ ಎರಡೆರಡು ಉತ್ತರಗಳನ್ನು ಮನುಷ್ಯರ ಮುಂದಿಟ್ಟು ಯಾವುದು ಚೆನ್ನಾಗಿದೆ ಎಂದು ಆರಿಸಲು ಹೇಳುತ್ತಾರೆ. ಉದ್ದದ ಉತ್ತರವೇ ಹೆಚ್ಚು ಶ್ರಮದ್ದು ಎಂಬ ಭಾವನೆಯಿಂದ ಉದ್ದಕ್ಕೇ ಅಂಕ ಬೀಳುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಒಲವು.

ಒಂದು ಮಿಲಿಮೀಟರ್ ಅಕ್ಷರ

ಸುರಿದುಬಿದ್ದ ಆ ಉದ್ದನೆಯ ಉತ್ತರ ಎಷ್ಟು ನಂಬಲರ್ಹ? ಇದು ಫೋಟೊದ ಬಿಂದುಗಳ ಲೆಕ್ಕದ ಮೇಲೆ ನಿಂತಿದೆ.

ಮಾಡೆಲ್ ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಂದೊಂದು ಚೌಕ ಉದ್ದಗಲಕ್ಕೆ 14 ಅಥವಾ 16 ಬಿಂದುಗಳಷ್ಟಿರುವುದು ಸಾಮಾನ್ಯ. ಪ್ರತಿ ಚೌಕವೂ ಸಂಖ್ಯೆಗಳ ಒಂದು ಸಾಲಾಗಿ ಬದಲಾಗಿ, ಪದಗಳ ಪಕ್ಕದಲ್ಲೇ ಕೂತು ಮಾಡೆಲ್‌ನ ಒಳಗೆ ಹೋಗುತ್ತದೆ. ಕತ್ತರಿಸುವ ಮೊದಲು ಚಿತ್ರವನ್ನು ನಿಗದಿತ ಅಳತೆಗೆ ಕುಗ್ಗಿಸುವುದುಂಟು. ಲಾವಾದ ಮುಂದಿನ ಆವೃತ್ತಿಯಲ್ಲಿ ಈ ಅಳತೆ 336 ಬಿಂದುಗಳು. ಅಂದರೆ ಎಷ್ಟೇ ದೊಡ್ಡ ಫೋಟೊ ಬಂದರೂ ಅಡ್ಡ 24, ಉದ್ದ 24, ಒಟ್ಟು 576 ಚೌಕಗಳೊಳಗೆ ಹಿಡಿಸಬೇಕು.

ಈಗ ಪೊಟ್ಟಣಕ್ಕೆ ಬರೋಣ. ಫೋಟೊದ ಉದ್ದಕ್ಕೆ 20 ಸೆಂಟಿಮೀಟರ್ ಜಾಗ ಸೆರೆಯಾಗಿದೆ, ಫೋನು ಆ ಉದ್ದಕ್ಕೆ 4000 ಬಿಂದು ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರಿಗೆ 20 ಬಿಂದು. ಪದಾರ್ಥಗಳ ಪಟ್ಟಿಯ ಅಕ್ಷರಗಳು ಒಂದು ಮಿಲಿಮೀಟರಿನ ಆಸುಪಾಸು ಎತ್ತರದವು ಎಂದರೂ ಓದಲು ಧಾರಾಳವಾಯಿತು. ಅದೇ ಫೋಟೊ ಸಂದೇಶದ ಆ್ಯಪ್ ದಾಟುವಾಗ 1600 ಬಿಂದುಗಳಿಗೆ ಕುಗ್ಗಿದರೆ ಅಕ್ಷರಕ್ಕೆ ಸಿಗುವುದು 8 ಬಿಂದು. ಇಂಗ್ಲಿಷ್ ಅಕ್ಷರವಾದರೆ ಹೇಗೋ ಓದಬಹುದು, ಆದರೆ 3 ಮತ್ತು 8ರ ನಡುವೆ ಅನುಮಾನ ಶುರುವಾಗುತ್ತದೆ. 336ಕ್ಕೆ ಕುಗ್ಗಿದರೆ ಅಕ್ಷರಕ್ಕೆ ಎರಡು ಬಿಂದುವೂ ಪೂರಾ ಸಿಗುವುದಿಲ್ಲ. ಅಲ್ಲಿ ಪಠ್ಯವೇ ಇಲ್ಲ, ಬೂದುಬಣ್ಣದ ಪಟ್ಟಿಯಷ್ಟೇ ಇದೆ. ಈಚಿನ ಮಾಡೆಲ್‌ಗಳು ದೊಡ್ಡ ಚಿತ್ರವನ್ನು ಕುಗ್ಗಿಸುವ ಬದಲು ತುಂಡುತುಂಡಾಗಿ ನೋಡುವುದರಿಂದ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಫೋಟೊ ದಾರಿಯಲ್ಲೇ ಸವೆದು ಬಂದಿದ್ದರೆ ಕಳೆದುಹೋದ ಬಿಂದುಗಳನ್ನು ಮರಳಿ ತರಲು ಯಾವ ಮಾಡೆಲ್‌ಗೂ ಆಗದು.

ಕನ್ನಡದ ಅಕ್ಷರಕ್ಕೆ ಇನ್ನೂ ಹೆಚ್ಚು ಬಿಂದು ಬೇಕು. ಮೂಲಾಕ್ಷರ, ಅದರ ಮೇಲಿನ ಗುಣಿತದ ಗುರುತು, ಕೆಳಗಿನ ಒತ್ತು, ಮೂರೂ ಅದೇ ಎತ್ತರದೊಳಗೆ ಕೂರಬೇಕು. ‘ದ’ ಮತ್ತು ‘ಧ’, ‘ರ’ ಮತ್ತು ‘ಠ’ ಬೇರೆಯಾಗುವುದು ಒಂದು ಸಣ್ಣ ಗೀಟಿನಿಂದ, ಒಂದು ಚುಕ್ಕೆಯಿಂದ. ಆ ಗೀಟು ಅರ್ಧ ಬಿಂದುವಾದರೆ ಕಣ್ಣಿಗೂ ಇಲ್ಲ, ಯಂತ್ರಕ್ಕೂ ಇಲ್ಲ.

ಓದಲಾಗದಿದ್ದಾಗ ಮಾಡೆಲ್ ಸುಮ್ಮನಿದ್ದರೆ ಚಿಂತೆ ಇರಲಿಲ್ಲ. ಅದು ಸುಮ್ಮನಿರುವುದಿಲ್ಲ ಎಂಬುದೇ ಅಪಾಯ. ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವುದೇ ಅದರ ಮೂಲ ಕಸುಬು. ಬಿಸ್ಕತ್ ಎಂದು ಗೊತ್ತಾದರೆ ಸಾಕು, ಬಿಸ್ಕತ್ತಿನ ಲೇಬಲ್‌ನಲ್ಲಿ ಸಾಮಾನ್ಯವಾಗಿ ಏನಿರುತ್ತದೆಯೋ ಅದು ತುದಿನಾಲಗೆಯಲ್ಲಿರುತ್ತದೆ: ಮೈದಾ, ಸಕ್ಕರೆ, ತಾಳೆ ಎಣ್ಣೆ, ಇನ್ವರ್ಟ್ ಸಿರಪ್, ಐಎನ್‌ಎಸ್ 322, ಐಎನ್‌ಎಸ್ 503. ಮಸುಕಾದ ಸಾಲಿನ ಜಾಗದಲ್ಲಿ ಈ ಪಟ್ಟಿ ಸಲೀಸಾಗಿ ಕೂತುಬಿಡುತ್ತದೆ. ಹೆಸರಾಂತ ಬ್ರ್ಯಾಂಡ್ ಆದರೆ ಇನ್ನೂ ಸುಲಭ, ಏಕೆಂದರೆ ಆ ಪೊಟ್ಟಣದ ಹಳೆಯ ವಿವರಗಳನ್ನು ಅದು ಎಲ್ಲೋ ಕಲಿತಿರುತ್ತದೆ. ಆದರೆ ತಯಾರಕರು ಪಾಕ ಬದಲಿಸುತ್ತಾರೆ, ಒಂದೇ ಹೆಸರಿನ ತಿಂಡಿಯನ್ನು ಬೇರೆ ದೇಶಗಳಲ್ಲಿ ಬೇರೆ ಪಾಕದಲ್ಲಿ ಮಾಡುತ್ತಾರೆ. ಓದಿದ್ದಕ್ಕೂ ನೆನಪಿನಿಂದ ತುಂಬಿದ್ದಕ್ಕೂ ಉತ್ತರದ ಧಾಟಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಅಷ್ಟೇ ಗಟ್ಟಿದನಿಯಲ್ಲಿ ಬರುತ್ತವೆ.

ಮೊದಲ ವಾಕ್ಯದ ಭಾರ

ನಮಸ್ಕಾರ ಮೊದಲು ಬರುವುದಕ್ಕೂ ಇದಕ್ಕೂ ಏನು ಸಂಬಂಧ? ಮಾಡೆಲ್ ಉತ್ತರವನ್ನು ಒಂದೊಂದೇ ತುಣುಕಾಗಿ ಬರೆಯುತ್ತದೆ. ಬರೆದದ್ದನ್ನೆಲ್ಲ ಮತ್ತೆ ಓದಿಕೊಂಡು ಮುಂದಿನ ತುಣುಕು ಆರಿಸುತ್ತದೆ. ಹಾಗಾಗಿ ಮೊದಲ ವಾಕ್ಯದಲ್ಲಿ ಹೇಳಿದ್ದು ಉಳಿದ ಉತ್ತರಕ್ಕೆ ಸಾಕ್ಷಿಯಂತೆ ನಿಲ್ಲುತ್ತದೆ. ‘ಇದು ಆರೋಗ್ಯಕರ ರಾಗಿ ಬಿಸ್ಕತ್’ ಎಂದು ಶುರುವಾದರೆ, ಮುಂದಿನ ವಾಕ್ಯಗಳು ನಾರಿನಂಶ, ಕ್ಯಾಲ್ಸಿಯಂ ಎಂದು ಅದನ್ನೇ ಸಮರ್ಥಿಸುತ್ತ ಹೋಗುವ ಸಾಧ್ಯತೆ ಹೆಚ್ಚು. ಮೊದಲಿನ ಒಂದು ತಪ್ಪು ತನ್ನ ಹಿಂದೆ ಇನ್ನಷ್ಟು ತಪ್ಪುಗಳನ್ನು ಎಳೆದುಕೊಂಡು ಬರುತ್ತದೆ.

ಅದರಲ್ಲೂ ದೊಡ್ಡಕ್ಷರಗಳ ಸೆಳೆತ ಬಲವಾದದ್ದು. ಓಪನ್‌ಎಐ ಸಂಸ್ಥೆ 2021ರಲ್ಲಿ ‘ಕ್ಲಿಪ್’ ಎಂಬ ಮಾಡೆಲ್ ಹೊರತಂದಿತು. ಅಂತರ್ಜಾಲದಿಂದ ಆಯ್ದ 40 ಕೋಟಿ ಚಿತ್ರ–ಪಠ್ಯ ಜೋಡಿಗಳಿಂದ ಕಲಿತದ್ದು ಅದು. ಅದೇ ಸಂಸ್ಥೆಯ ಸಂಶೋಧಕರು ಒಂದು ಹಸಿರು ಸೇಬಿನ ಮೇಲೆ ‘ಐಪಾಡ್’ ಎಂದು ಕೈಯಲ್ಲಿ ಬರೆದ ಚೀಟಿ ಅಂಟಿಸಿ ತೋರಿಸಿದಾಗ ಕ್ಲಿಪ್ ಅದನ್ನು ಐಪಾಡ್ ಎಂದೇ ಗುರುತಿಸಿತು. ಕಣ್ಣೆದುರಿನ ಸೇಬಿಗಿಂತ ಬರೆದ ಪದ ಗೆದ್ದಿತು. ಮುಂದಿನ ತಲೆಮಾರಿನ ಮಾಡೆಲ್‌ಗಳು ಇಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಆದರೆ ಆಹಾರದ ಪೊಟ್ಟಣ ಎಂಬುದು ದೊಡ್ಡಕ್ಷರದಲ್ಲಿ ಹೇಳಬೇಕೆನಿಸಿದ್ದನ್ನೂ ಸಣ್ಣಕ್ಷರದಲ್ಲಿ ಹೇಳಲೇಬೇಕಾದ್ದನ್ನೂ ಬರೆದಿಟ್ಟ ವಸ್ತು. ಅದರ ಮುಂದೆ ಈ ದೌರ್ಬಲ್ಯ ನೆನಪಿರಬೇಕು. ‘ರಾಗಿ’ ಎಂಬುದು ಒಂದು ಸೆಂಟಿಮೀಟರ್ ಎತ್ತರ, ‘ರಾಗಿ ಹಿಟ್ಟು 12%’ ಎಂಬುದು ಒಂದು ಮಿಲಿಮೀಟರ್.

ನಮಸ್ಕಾರದಿಂದ ಶುರುವಾಗುವ ಉತ್ತರಕ್ಕೆ ಇಲ್ಲೊಂದು ಲಾಭವಿದೆ. ನಮಸ್ಕಾರ ಯಾವ ಸಂಗತಿಯನ್ನೂ ಸಾಧಿಸುವುದಿಲ್ಲ. ಅದರ ಬೆನ್ನಿಗೆ ‘ಇದು ಬಿಸ್ಕತ್ ಪೊಟ್ಟಣದ ಹಿಂಬದಿಯಂತಿದೆ’ ಎಂಬ ಹಗುರವಾದ ಮಾತು ಬಂದರೂ, ಮುಂದೆ ಪ್ರಶ್ನೆ ಬಂದಾಗ ಯಾವ ತೀರ್ಮಾನವನ್ನೂ ಸಮರ್ಥಿಸಿಕೊಳ್ಳಬೇಕಾದ ಹಂಗಿರುವುದಿಲ್ಲ.

ಹಾಗಾದರೆ ನಮಸ್ಕರಿಸುವ ಹೊತ್ತಿಗೆ ಮಾಡೆಲ್ ಲೇಬಲ್ ನೋಡಿಯೇ ಇರುವುದಿಲ್ಲವೇ? ನೋಡಿರುತ್ತದೆ. ಉತ್ತರದ ಮೊದಲ ತುಣುಕು ಹೊರಬೀಳುವ ಮೊದಲೇ ಚಿತ್ರದ ಎಲ್ಲ ಚೌಕಗಳೂ ಒಳಹೋಗಿ ಆಗಿರುತ್ತವೆ. ಆದರೆ ಒಳಹೋಗುವುದು ಬೇರೆ, ಓದುವುದು ಬೇರೆ. ‘ಸೋಡಿಯಂ ಎಷ್ಟು’ ಎಂಬ ಪ್ರಶ್ನೆ ಇದ್ದಾಗ, ಆ ಸಂಖ್ಯೆ ಬರೆಯುವ ಗಳಿಗೆಯಲ್ಲಿ ಮಾಡೆಲ್‌ನ ಲೆಕ್ಕಾಚಾರ ಕೋಷ್ಟಕದ ಆ ಸಾಲಿನ ಚೌಕಗಳಿಗೆ ಹೆಚ್ಚಿನ ತೂಕ ಕೊಡುತ್ತದೆ. ಪ್ರಶ್ನೆಯೇ ಇಲ್ಲದಾಗ ತೂಕ ಎಲ್ಲಿ ಬೀಳಬೇಕೆಂದು ಹೇಳುವವರಿಲ್ಲ. ಅದು ದೊಡ್ಡಕ್ಷರಗಳ ಮೇಲೆ, ಬಣ್ಣಗಳ ಮೇಲೆ ಹೋಗಿ ಬೀಳುತ್ತದೆ. ಹತ್ತಿರದಿಂದ ಓದಿಸುವುದು ಪ್ರಶ್ನೆ.

ಒಳ್ಳೆಯ ಮೊದಲ ಉತ್ತರದಲ್ಲಿ ಏನಿರಬೇಕು

ಔಷಧಿ ಅಂಗಡಿಯಲ್ಲಿ ಅನುಭವಸ್ಥರು ಚೀಟಿ ಕೈಗೆ ಬಂದ ಕೂಡಲೇ ಮಾತ್ರೆ ಎಣಿಸತೊಡಗುವುದಿಲ್ಲ. ‘ಬನ್ನಿ’ ಎಂದು, ಚೀಟಿ ಮೇಲೆ ಕಣ್ಣಾಡಿಸಿ, ‘ಪೂರ್ತಿ ಕೋರ್ಸ್ ಬೇಕಾ, ಎರಡು ದಿನಕ್ಕೆ ಸಾಕಾ’ ಎಂದು ಕೇಳುತ್ತಾರೆ. ಲೇಬಲ್ಲಿಗೂ ಈ ಅಳತೆಯ ಉತ್ತರ ಸಾಕು.

ಮೊದಲು ತಿರುಗಿ ನಮಸ್ಕಾರ. ಎರಡನೆಯದಾಗಿ, ಫೋಟೊ ತಲುಪಿದೆ ಎಂಬುದು ಗೊತ್ತಾಗುವಂತೆ ಒಂದು ವಾಕ್ಯ: ಇದು ಬಿಸ್ಕತ್ ಪೊಟ್ಟಣದ ಹಿಂಬದಿ, ಪದಾರ್ಥಗಳ ಪಟ್ಟಿ ಮತ್ತು ಪೋಷಕಾಂಶ ಕೋಷ್ಟಕ ಕಾಣುತ್ತಿವೆ. ಮೂರನೆಯದಾಗಿ, ಕಾಣದಿರುವುದರ ಸುಳಿವು: ಬಲಗಡೆ ಬೆಳಕು ಬಿದ್ದು ಕೆಲವು ಸಾಲು ಬಿಳಿಚಿವೆ, ದಿನಾಂಕ ಈ ಬದಿಯಲ್ಲಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ: ಇದರಲ್ಲಿ ಏನು ನೋಡಬೇಕು? ಬೇಕಿದ್ದರೆ ಎರಡು ಮೂರು ಆಯ್ಕೆಗಳನ್ನು ಎದುರಿಗಿಡಬಹುದು: ಸಕ್ಕರೆಯ ಅಂಶವೇ, ಅಲರ್ಜಿ ಪದಾರ್ಥವೇ, ಕನ್ನಡಕ್ಕೆ ಅನುವಾದವೇ. ಹತ್ತು ಆಯ್ಕೆ ಕೊಟ್ಟರೆ ಅದೂ ಸುರಿಮಳೆಯೇ.

ಇಷ್ಟರಲ್ಲಿ ಸಂಖ್ಯೆಗಳಿಲ್ಲ, ಒಳ್ಳೆಯದು ಕೆಟ್ಟದು ಎಂಬ ತೀರ್ಪಿಲ್ಲ. ‘ಓದಿದ್ದೇನೆ’ ಎಂಬ ಮಾತೂ ಇಲ್ಲ. ಕಂಡದ್ದನ್ನು ಓದಿದ್ದು ಎಂದು ಹೇಳಿಕೊಳ್ಳದಿರುವುದು ಈ ಮೊದಲ ಉತ್ತರದ ಮುಖ್ಯ ಗುಣ.

ಅಪವಾದ ಇಲ್ಲವೇ? ಕಣ್ಣಿಗೆ ರಾಚುವಂಥ ಅಪಾಯ ಕಂಡರೆ ಕೇಳದಿದ್ದರೂ ಹೇಳಬೇಕಲ್ಲವೇ? ದಿನಾಂಕವನ್ನೇ ತೆಗೆದುಕೊಳ್ಳಿ. ಮೇಲೆ ‘ಎಕ್ಸ್‌ಪೈರಿ’ ಎಂದು ಸ್ಪಷ್ಟವಾಗಿ ಕಾಣುತ್ತಿದ್ದರೆ ಆ ದಿನಾಂಕವನ್ನು ಮೊದಲ ಉತ್ತರದಲ್ಲೇ ಎತ್ತಿ ಹೇಳುವುದು ಸರಿ. ಆದರೆ ‘ಅವಧಿ ಮುಗಿದಿದೆ’ ಎನ್ನುವ ಮುಂಚೆ ಒಂದು ತೊಡಕಿದೆ. ಯಾರಾದರೂ ತಿಳಿಸದ ಹೊರತು ಇಂದು ಯಾವ ತಾರೀಕು ಎಂಬುದು ಮಾಡೆಲ್‌ಗೆ ಗೊತ್ತಿರುವುದಿಲ್ಲ. ಅದರ ಅರಿವು ತರಬೇತಿ ಮುಗಿದಲ್ಲಿಗೆ ನಿಂತಿರುತ್ತದೆ. ಹಾಗಾಗಿ ಮುದ್ರಿತ ದಿನಾಂಕವನ್ನು ತೋರಿಸಿ, ಇಂದಿನ ದಿನಾಂಕದ ಜೊತೆ ಹೋಲಿಸಿಕೊಳ್ಳಿ ಎನ್ನುವುದೇ ಪ್ರಾಮಾಣಿಕ ಮಾತು. ಬಹಳಷ್ಟು ಪೊಟ್ಟಣಗಳಲ್ಲಿ ದಿನಾಂಕ ಹಿಂಬದಿಯಲ್ಲಿ ಇರುವುದೂ ಇಲ್ಲ. ‘ಬ್ಯಾಚ್ ಸಂಖ್ಯೆ, ದಿನಾಂಕಕ್ಕೆ ಪೊಟ್ಟಣದ ಅಂಚು ನೋಡಿ’ ಎಂದಿರುತ್ತದೆ. ಅಂಚು ಎಂದರೆ ಪ್ಲಾಸ್ಟಿಕ್ಕನ್ನು ಒತ್ತಿ ಅಂಟಿಸಿದ ಗೆರೆಗೆರೆಯ ತುದಿ. ಅದು ಫೋಟೊದಲ್ಲಿ ಬಂದಿರುವುದೇ ಅಪರೂಪ.

ಎರಡನೆಯ ಸಂದೇಶ ಬಂದಾಗ

ಈಗ ಪ್ರಶ್ನೆ ಬಂತು ಎನ್ನೋಣ: ‘ಅಮ್ಮನಿಗೆ ಶುಗರ್ ಇದೆ, ಇದನ್ನು ಕೊಡಬಹುದಾ?’ ಹತ್ತಿರದ ಓದು ಇಲ್ಲಿ ಶುರುವಾಗಬೇಕು. ಉದಾಹರಣೆಗೆ ಒಂದು ಪೊಟ್ಟಣ ಕಲ್ಪಿಸಿಕೊಳ್ಳೋಣ. ತೂಕ 150 ಗ್ರಾಂ, ಒಂದು ಸರ್ವಿಂಗ್ ಎಂದರೆ 25 ಗ್ರಾಂ. ಕೋಷ್ಟಕ 100 ಗ್ರಾಂ ಲೆಕ್ಕದಲ್ಲಿದೆ: ಶಕ್ತಿ 488 ಕಿಲೋಕ್ಯಾಲರಿ, ಪ್ರೋಟೀನ್ 7 ಗ್ರಾಂ, ಕಾರ್ಬೋಹೈಡ್ರೇಟ್ 70 ಗ್ರಾಂ, ಅದರೊಳಗೆ ಸೇರಿಸಿದ ಸಕ್ಕರೆ 22 ಗ್ರಾಂ, ಕೊಬ್ಬು 20 ಗ್ರಾಂ, ಸೋಡಿಯಂ 320 ಮಿಲಿಗ್ರಾಂ. ಪಕ್ಕದ ಕಂಬದಲ್ಲಿ ಒಂದು ಸರ್ವಿಂಗ್‌ನಿಂದ ದಿನದ ಅಗತ್ಯದ ಶೇಕಡಾ ಎಷ್ಟು ಸಿಗುತ್ತದೆ ಎಂಬ ಲೆಕ್ಕ.

ಪದಾರ್ಥಗಳ ಪಟ್ಟಿಯಿಂದ ಶುರು ಮಾಡಬೇಕು. ತಯಾರಿಕೆಯ ವೇಳೆ ಹೆಚ್ಚು ತೂಕ ಇದ್ದದ್ದು ಮೊದಲು, ಕಡಿಮೆ ಇದ್ದದ್ದು ಕೊನೆಗೆ ಎಂಬುದು ಆ ಪಟ್ಟಿಯ ನಿಯಮ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ನಾಲ್ಕನೆಯದು ರಾಗಿ ಹಿಟ್ಟು ಎಂದಿದ್ದರೆ ಇದು ರಾಗಿ ಸೇರಿಸಿದ ಮೈದಾ ಬಿಸ್ಕತ್. ಪೊಟ್ಟಣದ ಮುಂಬದಿಯಲ್ಲಿ ಯಾವ ಪದಾರ್ಥವನ್ನು ಎತ್ತಿ ತೋರಿಸಿದ್ದಾರೋ ಅದರ ಶೇಕಡಾವಾರು ಪ್ರಮಾಣವನ್ನು ಹೇಳಬೇಕೆಂಬ ನಿಯಮವೂ ಇದೆ. ಅದಕ್ಕಾಗಿಯೇ ‘ರಾಗಿ ಹಿಟ್ಟು 12%’ ಎಂದು ಅಲ್ಲಿ ಇದೆ.

ಮುಂದಿನದು ಸಂಖ್ಯೆಗಳು. ಕೋಷ್ಟಕಕ್ಕೆ ಒಂದು ವಿಶೇಷ ಗುಣವಿದೆ: ಅದರ ಸಾಲುಗಳು ಒಂದಕ್ಕೊಂದು ಲೆಕ್ಕದ ನಂಟಿನಲ್ಲಿವೆ. ಹಾಗಾಗಿ ತಪ್ಪಾಗಿ ಓದಿದ ಅಂಕಿಯನ್ನು ಫೋಟೊ ಮತ್ತೆ ನೋಡದೆಯೂ ಹಿಡಿಯಬಹುದು. ಕಾರ್ಬೋಹೈಡ್ರೇಟ್, ಪ್ರೋಟೀನ್ ಗ್ರಾಮಿಗೆ ನಾಲ್ಕು ಕಿಲೋಕ್ಯಾಲರಿ, ಕೊಬ್ಬು ಗ್ರಾಮಿಗೆ ಒಂಬತ್ತು. ನಮ್ಮ ಪೊಟ್ಟಣದಲ್ಲಿ 280, 28, 180 ಕೂಡಿದರೆ 488. ತಾಳೆಯಾಯಿತು. ಮಾಡೆಲ್ 20 ಗ್ರಾಂ ಕೊಬ್ಬನ್ನು 2.0 ಎಂದು ಓದಿದ್ದರೆ ಮೊತ್ತ 326ಕ್ಕೆ ಇಳಿಯುತ್ತಿತ್ತು, ಮುದ್ರಿತ 488ರ ಜೊತೆ ಕೂಡುತ್ತಿರಲಿಲ್ಲ. ನಾರಿನಂಶದ ಲೆಕ್ಕದಿಂದ, ದಶಮಾಂಶ ಕೈಬಿಟ್ಟದ್ದರಿಂದ ಐದು ಹತ್ತು ಕ್ಯಾಲರಿ ಆಚೀಚೆ ಆಗುವುದುಂಟು. ನೂರರ ವ್ಯತ್ಯಾಸ ಬಂದರೆ ಎಲ್ಲೋ ಅಂಕಿ ಜಾರಿದೆ ಎಂದೇ ಅರ್ಥ.

ಸಕ್ಕರೆ, ಸೋಡಿಯಂ ತಪ್ಪಾದರೆ ಕ್ಯಾಲರಿಯ ಲೆಕ್ಕದಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಪಕ್ಕದ ಶೇಕಡಾ ಕಂಬ ಇದೆ. 2020ರ ಲೇಬಲಿಂಗ್ ನಿಯಮಗಳ ಪ್ರಕಾರ ದಿನಕ್ಕೆ 2000 ಕಿಲೋಕ್ಯಾಲರಿ, 67 ಗ್ರಾಂ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಎಂಬ ಆಧಾರದ ಮೇಲೆ ಆ ಶೇಕಡಾ ಲೆಕ್ಕ ಹಾಕುತ್ತಾರೆ. 100 ಗ್ರಾಮಿಗೆ 22 ಗ್ರಾಂ ಸಕ್ಕರೆ ಎಂದರೆ 25 ಗ್ರಾಮಿಗೆ ಐದೂವರೆ ಗ್ರಾಂ, ಐವತ್ತರಲ್ಲಿ 11%. ಕಂಬದಲ್ಲಿ 11 ಎಂದೇ ಇದ್ದರೆ ಓದು ಸರಿ. 2.2 ಎಂದು ಓದಿದ್ದರೆ 1% ಬರಬೇಕಿತ್ತು. ಸೋಡಿಯಂ 320 ಸರಿಯಾದರೆ ಕಂಬದಲ್ಲಿ 4% ಇರುತ್ತದೆ. ಮಸುಕಿನಲ್ಲಿ 3 ಹೋಗಿ 8 ಆಗಿ 820 ಎಂದು ಓದಿದ್ದರೆ 10% ಇರಬೇಕಿತ್ತು. ಮಸುಕಾದ ಅಂಕಿಗೆ ಸ್ಪಷ್ಟವಾದ ಅಂಕಿ ಸಾಕ್ಷಿ ಹೇಳುತ್ತದೆ. ಈ ತಾಳೆ ನೋಡಿದ ಮೇಲೆ ಕೊಟ್ಟ ಉತ್ತರಕ್ಕೂ ಮೊದಲ ನೋಟಕ್ಕೇ ಸುರಿದ ಉತ್ತರಕ್ಕೂ ಇರುವ ಅಂತರ ದೊಡ್ಡದು.

ಇಷ್ಟಾದ ಮೇಲೆ ಅಮ್ಮನ ಪ್ರಶ್ನೆಗೆ ಹೇಳಬಹುದಾದದ್ದು ಇದು: ಒಂದು ಸರ್ವಿಂಗ್‌ನಲ್ಲಿ ಐದೂವರೆ ಗ್ರಾಂ ಸೇರಿಸಿದ ಸಕ್ಕರೆ ಇದೆ, ಪೂರ್ತಿ ಪೊಟ್ಟಣ ಮುಗಿಸಿದರೆ 33 ಗ್ರಾಂ. ಜೊತೆಗೆ ಒಟ್ಟು ಕಾರ್ಬೋಹೈಡ್ರೇಟನ್ನೂ ಹೇಳಬೇಕು. ಶುಗರ್ ಇರುವವರಿಗೆ ಮೈದಾ ಕೂಡ ಲೆಕ್ಕಕ್ಕೆ ಬರುವ ವಸ್ತುವೇ, ಮತ್ತು ಒಂದು ಸರ್ವಿಂಗ್‌ನಲ್ಲಿ ಅದೆಲ್ಲ ಸೇರಿ ಹದಿನೇಳೂವರೆ ಗ್ರಾಂ ಆಗುತ್ತದೆ. ಕೊಡಬಹುದೇ ಬೇಡವೇ ಎಂಬುದು ಅವರ ಔಷಧ, ಉಳಿದ ಊಟ, ವೈದ್ಯರ ಸಲಹೆ ಎಲ್ಲದರ ಮೇಲೆ ನಿಂತ ಮಾತು. ಅವು ಯಾವುವೂ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಗಿಲ್ಲ.

‘ಇಲ್ಲ’ ಎನ್ನುವುದು ಕಷ್ಟದ ಉತ್ತರ

ಎರಡನೆಯ ಸಂದೇಶ ‘ಶೇಂಗಾ ಇದೆಯಾ?’ ಎಂದಾಗಿದ್ದರೆ ಓದಿನ ಸ್ವರೂಪವೇ ಬೇರೆ. ಅಲ್ಲಿ ಲೆಕ್ಕದ ತಾಳೆ ಇಲ್ಲ. ಇದೆ ಎನ್ನಲು ಒಂದು ಸಾಲು ಕಂಡರೆ ಸಾಕು. ಇಲ್ಲ ಎನ್ನಲು ಎಲ್ಲ ಸಾಲುಗಳನ್ನೂ ಓದಿ ಮುಗಿಸಿರಬೇಕು. ನಮ್ಮ ನಿಯಮಗಳು ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮುಂತಾದ ಅಲರ್ಜಿ ಪದಾರ್ಥಗಳನ್ನು ‘ಒಳಗೊಂಡಿದೆ’ ಎಂದು ಬೇರೆಯಾಗಿ ಹೇಳಬೇಕೆನ್ನುತ್ತವೆ. ಅದೇ ಯಂತ್ರದಲ್ಲಿ ಬೇರೆ ತಿಂಡಿ ತಯಾರಾಗಿ ಚೂರು ಬೆರೆತಿರಬಹುದು ಎನ್ನುವಾಗ ‘ಇರಬಹುದು’ ಎಂಬ ಸಾಲು ಬರುತ್ತದೆ. ಈ ಎರಡು ಸಾಲು ಪಟ್ಟಿಯ ಕೆಳಗೆ, ಕೆಲವೊಮ್ಮೆ ಪೊಟ್ಟಣದ ಮಡಿಕೆಯಲ್ಲಿ ಬೆಳಕು ಪ್ರತಿಫಲಿಸುವ ಜಾಗದಲ್ಲೇ ಇರುತ್ತವೆ. ಫೋಟೊದ ಆ ಭಾಗ ಬಿಳಿಚಿದ್ದರೆ ಸರಿಯಾದ ಉತ್ತರ ಒಂದೇ: ಕಾಣುವ ಸಾಲುಗಳಲ್ಲಿ ಶೇಂಗಾ ಇಲ್ಲ, ಆದರೆ ಎಚ್ಚರಿಕೆಯ ಸಾಲು ಓದಲಾಗುತ್ತಿಲ್ಲ, ಆ ಭಾಗವನ್ನಷ್ಟೇ ಹತ್ತಿರದಿಂದ ತೆಗೆದು ಕಳಿಸಿ.

ಇಲ್ಲಿ ಗ್ರಾಹಕರ ಕೈಯಲ್ಲೂ ಒಂದು ಅಳತೆಗೋಲಿದೆ. ಉತ್ತರ ಬಂದ ಮೇಲೆ, ಅದು ಯಾವ ಸಾಲಿನಿಂದ ಬಂತು, ಆ ಸಾಲನ್ನು ಪೊಟ್ಟಣದಲ್ಲಿದ್ದ ಹಾಗೆಯೇ ಬರೆದು ತೋರಿಸು ಎಂದು ಕೇಳಿ, ಬರೆದದ್ದನ್ನು ಕೈಯಲ್ಲಿರುವ ಪೊಟ್ಟಣದ ಜೊತೆ ಹೋಲಿಸಬಹುದು. ಓದಿ ಹೇಳಿದ್ದಾದರೆ ಅಲ್ಪವಿರಾಮ, ಆವರಣದೊಳಗಿನ ಐಎನ್‌ಎಸ್ ಸಂಖ್ಯೆ, ಪದಾರ್ಥಗಳ ಅನುಕ್ರಮ ಎಲ್ಲ ಕೂಡುತ್ತವೆ. ನೆನಪಿನಿಂದ ತುಂಬಿದ್ದಾದರೆ ಹೆಸರುಗಳು ಸರಿಯಿದ್ದರೂ ಅನುಕ್ರಮ ತಪ್ಪುತ್ತದೆ, ಇಲ್ಲವೇ ಪೊಟ್ಟಣದಲ್ಲಿ ಇರದ ಒಂದು ಪದಾರ್ಥ ನುಸುಳಿರುತ್ತದೆ. ಫೋಟೊ ತೆಗೆಯುವಾಗಲೂ ಇಡೀ ಪೊಟ್ಟಣವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವುದಕ್ಕಿಂತ ಪಟ್ಟಿಗೆ ಒಂದು, ಕೋಷ್ಟಕಕ್ಕೆ ಒಂದು, ಅಂಚಿನ ದಿನಾಂಕಕ್ಕೆ ಒಂದು ಎಂದು ತೆಗೆದರೆ ಅದೇ ಒಂದು ಮಿಲಿಮೀಟರ್ ಅಕ್ಷರಕ್ಕೆ ಹಲವು ಪಟ್ಟು ಬಿಂದುಗಳು ಸಿಗುತ್ತವೆ. ಮಿರುಗುವ ಪ್ಲಾಸ್ಟಿಕ್ಕಿಗೆ ಫ್ಲ್ಯಾಶ್ ಹಾಕದೆ, ಕಿಟಕಿಯ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿಯುವುದು ಮೇಲು.

ಶೇಂಗಾದಂಥ ಪ್ರಶ್ನೆಯಲ್ಲಿ ಮೊದಲ ಉತ್ತರದ ಮಹತ್ವ ಇನ್ನಷ್ಟು ನಿಚ್ಚಳವಾಗುತ್ತದೆ. ಹಲೋಗೆ ಉತ್ತರವಾಗಿ ಇಡೀ ಪದಾರ್ಥಪಟ್ಟಿ ಆಗಲೇ ಸುರಿದುಬಿದ್ದಿದ್ದರೆ, ಅದರಲ್ಲಿ ಶೇಂಗಾ ಕಾಣದ, ಅಲರ್ಜಿಯ ಮಗುವಿನ ತಾಯಿ ಎರಡನೆಯ ಸಂದೇಶ ಬರೆಯುತ್ತಲೇ ಇರಲಿಲ್ಲ. ಓದಲಾಗದ ಸಾಲೊಂದಿತ್ತು ಎಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ಉತ್ತರ ಪೂರ್ತಿಯಾದಂತೆ ಕಂಡಿದ್ದರಿಂದಲೇ ಮುಂದಿನ ಪ್ರಶ್ನೆ ನಿಂತುಹೋಗುತ್ತಿತ್ತು. ನಮಸ್ಕಾರ ಹೇಳಿ, ಕಂಡದ್ದಿಷ್ಟು ಎಂದು ತೋರಿಸಿ, ಏನು ನೋಡಬೇಕೆಂದು ಕೇಳಿದ ಚುಟುಕು ಉತ್ತರ ಆ ಪ್ರಶ್ನೆಯನ್ನು ಹೊರಗೆ ತರುತ್ತದೆ. ಅದು ಬಂದ ಮೇಲೆ ಓದಬೇಕಾದ ಸಾಲು ಯಾವುದೆಂದು ಇಬ್ಬರಿಗೂ ಗೊತ್ತಿರುತ್ತದೆ, ಆ ಸಾಲು ಕಾಣದಿದ್ದರೆ ಅದೂ ಗೊತ್ತಾಗುತ್ತದೆ.